ಅಪ್ಪ ಅಮ್ಮ ಇಬ್ಬರೇ ಇರೋ ಮನೆಗೆ ನರ್ಸ್ ಬೇಕಾ, ಕೇರ್‌ಗಿವರ್ ಬೇಕಾ?

ಅಪ್ಪ ಅಮ್ಮ ಊರಲ್ಲಿ ಇಬ್ಬರೇ, ಮಕ್ಕಳು ಬೆಂಗಳೂರಲ್ಲೋ ಡಲ್ಲಾಸ್‌ನಲ್ಲೋ, ಇಂಥ ಮನೆಗಳಲ್ಲಿ ಹೋಮ್ ಕೇರ್ ಹುಡುಕಾಟ ಶುರುವಾಗೋದು ಹೆಚ್ಚುಕಮ್ಮಿ ಯಾವಾಗ್ಲೂ ಆಸ್ಪತ್ರೆ ಕಾರಿಡಾರ್‌ನಲ್ಲೇ. ನಾಳೆ ಡಿಸ್ಚಾರ್ಜ್ ಅಂತ ಡಾಕ್ಟರ್ ಹೇಳಿರ್ತಾರೆ, ಮಗನ ರಜೆ ಇನ್ನು ಮೂರೇ ದಿನ, ಕೈಯಲ್ಲಿ ಯಾರೋ ಕೊಟ್ಟ ಏಜೆನ್ಸಿ ನಂಬರ್. ಫೋನ್ ಮಾಡಿ ಕೇಳೋದು ಒಂದೇ ಮಾತು, "ಒಬ್ಬರು ಒಳ್ಳೆ ನರ್ಸ್ ಬೇಕು, 24 ಅವರ್ಸ್". ಆ ಕಡೆಯಿಂದ ಉತ್ತರನೂ ಒಂದೇ, "ಆಯ್ತು ಸಾರ್, ಸಂಜೆ ಕಳಿಸ್ತೀವಿ". ಪೇಷಂಟ್ ತೂಕ ಎಷ್ಟು, ರಾತ್ರಿ ಎಷ್ಟು ಸಲ ಏಳ್ತಾರೆ, ಇಂಜೆಕ್ಷನ್ ಇದೆಯಾ, ಮನೇಲಿ ಟಾಯ್ಲೆಟ್ ಯಾವ ಥರದ್ದು, ಇದನ್ನ ಅವರೂ ಕೇಳಲ್ಲ ಇವರೂ ಹೇಳಲ್ಲ.

ನಾನು ಆಸ್ಪತ್ರೆ ವಾರ್ಡ್‌ನಲ್ಲೂ ಆಮೇಲೆ ಹೋಮ್ ಕೇರ್‌ನಲ್ಲೂ ನರ್ಸಿಂಗ್ ಸೂಪರ್‌ವೈಸರ್ ಆಗಿ ಕೆಲಸ ಮಾಡಿರೋದ್ರಿಂದ ಎರಡೂ ಕಡೆ ನೋಡಿದೀನಿ. ನನಗೆ ಕಾಣೋದಿಷ್ಟು. ವಯಸ್ಸಾದವರ ಮನೆಗೆ ನರ್ಸ್ ಕೆಲಸ ಬೇಕಾಗೋದು ದಿನಕ್ಕೆ ಹತ್ತಿಪ್ಪತ್ತು ನಿಮಿಷ, ಕೆಲವು ಮನೆಗಳಿಗೆ ವಾರಕ್ಕೊಂದು ಸಲ. ಉಳಿದ ಇಪ್ಪತ್ತಮೂರು ಚಿಲ್ಲರೆ ಗಂಟೆ ಬೇಕಾಗಿರೋದು ಎಬ್ಬಿಸೋಕೆ, ಕೂರ್ಸೋಕೆ, ಸ್ನಾನ ಮಾಡ್ಸೋಕೆ, ಜೊತೆಗೆ ನಡೆಯೋಕೆ ಒಬ್ಬರು. ಈ ಎರಡು ಕೆಲಸ ಬೇರೆ ಬೇರೆ, ಓದು ಬೇರೆ, ರೇಟ್ ಬೇರೆ. ಎರಡರ ಮಧ್ಯೆ ಮೂರನೇದೊಂದು ಕೆಲಸ ಇದೆ, ಅಂದ್ರೆ ಆ ಕೇರ್‌ಗಿವರ್ ಮಾಡ್ತಿರೋದು ಸರಿಯಾಗಿದೆಯಾ ಅಂತ ಗೊತ್ತಿರೋರು ಯಾರಾದ್ರೂ ಬಂದು ನೋಡೋದು. ಅದನ್ನ ಹೆಚ್ಚಿನ ಏಜೆನ್ಸಿಗಳು ಮಾರೋದೂ ಇಲ್ಲ, ಮಕ್ಕಳು ಕೇಳೋದೂ ಇಲ್ಲ, ಮನೆಗಳಲ್ಲಿ ಎಡವಟ್ಟಾಗೋದು ಬಹುಪಾಲು ಅಲ್ಲೇ.

ಮೊದಲು ಯಾರು ಯಾರು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನರ್ಸ್ ಅಂದ್ರೆ ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ ಓದಿರೋರು, ಇಲ್ಲಾ ಜಿಎನ್‌ಎಂ ಮೂರು ವರ್ಷ ಮಾಡಿರೋರು. ಇವರಿಗೆ ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನಲ್ಲೋ ಬೇರೆ ರಾಜ್ಯದ ಕೌನ್ಸಿಲ್‌ನಲ್ಲೋ ರಿಜಿಸ್ಟ್ರೇಷನ್ ನಂಬರ್ ಇರತ್ತೆ. ಎಎನ್‌ಎಂ ಎರಡು ವರ್ಷದ ಕೋರ್ಸ್, ಅವರಿಗೂ ರಿಜಿಸ್ಟ್ರೇಷನ್ ಇದೆ. ಇನ್ನು ಜಿಡಿಎ, ಅಂದ್ರೆ ಜನರಲ್ ಡ್ಯೂಟಿ ಅಸಿಸ್ಟೆಂಟ್, ಇಲ್ಲಾ ಹೋಮ್ ಹೆಲ್ತ್ ಏಡ್, ಇದು ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಕಡೆಯಿಂದ ಸರ್ಟಿಫಿಕೇಟ್ ಸಿಗೋ ಕೆಲವು ತಿಂಗಳ ತರಬೇತಿ. ಚೆನ್ನಾಗಿ ಕಲಿತ ಜಿಡಿಎ ಹುಡುಗಿ ಮನೆ ಕೆಲಸಕ್ಕೆ, ಅಂದ್ರೆ ಪೇಷಂಟ್ ನೋಡ್ಕೊಳ್ಳೋ ಕೆಲಸಕ್ಕೆ, ಎಷ್ಟೋ ಸಲ ನರ್ಸ್‌ಗಿಂತ ವಾಸಿ, ಇದು ನನ್ನ ಅನುಭವ. ಆಮೇಲೆ ಯಾವ ತರಬೇತಿನೂ ಇಲ್ಲದೆ ನಿನ್ನೆವರೆಗೆ ಗಾರ್ಮೆಂಟ್ಸ್‌ನಲ್ಲಿದ್ದು ಇವತ್ತು ನೀಲಿ ಯೂನಿಫಾರ್ಮ್ ಹಾಕ್ಕೊಂಡು ಬಂದಿರೋರೂ ಇದಾರೆ. ಬಾಗಿಲಲ್ಲಿ ನಿಂತಾಗ ನಾಲ್ಕೂ ಜನ ಒಂದೇ ಥರ ಕಾಣ್ತಾರೆ, ನಾಲ್ಕೂ ಜನಾನ ಎಲ್ಲರೂ ಸಿಸ್ಟರ್ ಅಂತಾರೆ.

ತಿಳ್ಕೊಳ್ಳೋದು ಕಷ್ಟ ಇಲ್ಲ. ನರ್ಸ್ ರೇಟ್ ಹೇಳಿದ್ರೆ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಕೇಳಿ, ಅದು ಬರೋರ ಫೋಟೋ ಐಡಿ ಜೊತೆ ತಾಳೆ ಆಗ್ಬೇಕು. "ಸರ್ಟಿಫಿಕೇಟ್ ಊರಲ್ಲಿದೆ ಸಾರ್" ಅನ್ನೋ ಉತ್ತರ ಬಂದ್ರೆ ಕೇರ್‌ಗಿವರ್ ರೇಟ್ ಮಾತಾಡಿ. ಕೇರ್‌ಗಿವರ್‌ಗಾದ್ರೆ ಸರ್ಟಿಫಿಕೇಟ್‌ಗಿಂತ ಕೈ ನೋಡೋದು ವಾಸಿ. ಬಂದ ದಿನ ಅಮ್ಮನ್ನ ಮಂಚದಿಂದ ಕುರ್ಚಿಗೆ ಕೂರ್ಸೋಕೆ ಹೇಳಿ ಸುಮ್ನೆ ನೋಡಿ. ಕಲಿತಿರೋರು ಮೊದಲು ಕುರ್ಚಿ ಹತ್ರ ಎಳ್ಕೊಂಡು ಇಟ್ಕೋತಾರೆ, ವೀಲ್‌ಚೇರ್ ಆದ್ರೆ ಬ್ರೇಕ್ ಹಾಕ್ತಾರೆ, ಅಮ್ಮನ್ನ ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕೂರ್ಸಿ ತಲೆ ಸುತ್ತತ್ತಾ ಅಂತ ಕೇಳ್ತಾರೆ, ಆಮೇಲೆ ಸೊಂಟದ ಹತ್ರ ಹಿಡ್ಕೊಂಡು ಎಬ್ಬಿಸ್ತಾರೆ. ಕಲೀದೇ ಇರೋರು ಕಂಕುಳಿಗೆ ಕೈ ಹಾಕಿ ಎತ್ತಿಬಿಡ್ತಾರೆ. ಪಾರ್ಶ್ವವಾಯು ಆಗಿರೋರನ್ನ ಹಂಗೆ ಎತ್ತಿದ್ರೆ ಭುಜದ ಕೀಲೇ ಜಾರಬಹುದು.

ಈಗ ಒಂದು ಮನೆ ತಗೊಳ್ಳೋಣ. ನಾನು ನೋಡಿದ ಮೂರ್ನಾಲ್ಕು ಮನೆಗಳದ್ದು ಸೇರಿಸಿ ಒಂದು ಉದಾಹರಣೆ ಮಾಡ್ಕೊಂಡಿದೀನಿ, ಯಾರ ಗುರುತೂ ಬೇಡ. ಮೈಸೂರು ಕುವೆಂಪುನಗರ, ಅಮ್ಮಂಗೆ 79, ಬಾತ್‌ರೂಮಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ, ಕೀಲಿನ ಅರ್ಧ ಬದಲಾಯಿಸಿದಾರೆ. ಅಪ್ಪಂಗೆ 83, ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಬೆಳಗ್ಗೆ ಸಂಜೆ ಇನ್ಸುಲಿನ್, ಈಚೆಗೆ ಸ್ವಲ್ಪ ಮರೆವು. ಡಿಸ್ಚಾರ್ಜ್ ಚೀಟಿಲಿ ಬರೆದಿರೋದೇನು? ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ದಿನಾ ಒಂದು ಇಂಜೆಕ್ಷನ್, ಸುಮಾರು ನಾಲ್ಕು ವಾರ. ಹೊಲಿಗೆ ಎರಡು ವಾರದ ಹೊತ್ತಿಗೆ ಆಸ್ಪತ್ರೇಲಿ ತೆಗೀತಾರೆ. ತಗ್ಗಿನ ಕುರ್ಚಿ ಬೇಡ, ಕಾಲ ಮೇಲೆ ಕಾಲು ಹಾಕೋದು ಬೇಡ, ಇಂಡಿಯನ್ ಟಾಯ್ಲೆಟ್ ಮಾತೇ ಇಲ್ಲ, ವಾಕರ್ ಹಿಡಿದು ನಡೀಬೇಕು. ಆ ಚೀಟಿಲಿ ಬರೀದೇ ಇರೋದು ಇನ್ನೊಂದಿದೆ, ಅಮ್ಮ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳ್ತಾರೆ.

ಮಗ ಮಾಡಿದ್ದೇನಂದ್ರೆ ತಿಂಗಳಿಗೆ 60,000ಕ್ಕೆ "24 ಅವರ್ಸ್ ನರ್ಸ್" ಗೊತ್ತು ಮಾಡಿದ. (ರೇಟ್‌ಗಳನ್ನ ಲೆಕ್ಕಕ್ಕೋಸ್ಕರ ಇಟ್ಕೊಂಡಿದೀನಿ, ಊರು ಏಜೆನ್ಸಿ ನೋಡ್ಕೊಂಡು ಮೇಲೆ ಕೆಳಗೆ ಆಗತ್ತೆ, ಬೆಂಗಳೂರಲ್ಲಿ ಜಾಸ್ತಿನೇ.) ಬಂದ ಹುಡುಗಿ ನಿಜವಾಗ್ಲೂ ಜಿಎನ್‌ಎಂ ಅಂತಾನೇ ಇಟ್ಕೊಳ್ಳೋಣ. ಹಗಲೆಲ್ಲ ಅಮ್ಮ, ಮಧ್ಯೆ ಅಪ್ಪನ ಇನ್ಸುಲಿನ್, ರಾತ್ರಿ ನಾಲ್ಕು ಸಲ ಏಳೋದು, ಒಂದೊಂದು ಸಲಕ್ಕೆ ಎಬ್ಬಿಸಿ ಕೂರ್ಸಿ ಒರೆಸಿ ಮಲಗ್ಸೋಕೆ ಇಪ್ಪತ್ತು ನಿಮಿಷ. ಅಂದ್ರೆ ಅವಳಿಗೆ ಎರಡು ಗಂಟೆಗಿಂತ ಜಾಸ್ತಿ ಒಂದೇ ಸಮ ನಿದ್ದೆ ಇಲ್ಲ. ಹೀಗೆ ಯಾರು ಎಷ್ಟು ದಿನ ಇರಕ್ಕಾಗತ್ತೆ? ಎರಡನೇ ವಾರಕ್ಕೆ ಅಮ್ಮ ಕರೆದಿದ್ದು ಕೇಳ್ಸಲ್ಲ, ಕೇಳ್ಸಲಿಲ್ಲ ಅಂತ ಅಮ್ಮ ತಾವೇ ಏಳ್ತಾರೆ, ಅದೂ ಬೆಳಗಿನ ಜಾವ, ಅರೆನಿದ್ದೇಲಿ, ವಾಕರ್ ಇಲ್ಲದೆ. ಆಪರೇಷನ್ ಆದ ಸೊಂಟ ಮತ್ತೆ ಬೀಳೋದು ಇಂಥ ಹೊತ್ತಲ್ಲೇ. ಬೀಳದೇ ಉಳಿದ್ರೂ ಮೂರನೇ ವಾರಕ್ಕೆ ಹುಡುಗಿ "ಊರಲ್ಲಿ ಅಜ್ಜಿ ತೀರ್ಕೊಂಡ್ರು" ಅಂತ ಹೊರಡ್ತಾಳೆ, ಏಜೆನ್ಸಿ ರಿಪ್ಲೇಸ್‌ಮೆಂಟ್ ಕಳಿಸತ್ತೆ, ಅವಳಿಗೆ ಏನೂ ಗೊತ್ತಿರಲ್ಲ, ಮತ್ತೆ ಒಂದರಿಂದ ಶುರು.

ಇದೇ ಮನೆಗೆ ನಾನಾದ್ರೆ ಹೀಗೆ ಮಾಡ್ತೀನಿ. ಮೊದಲ ತಿಂಗಳು ಹಗಲಿಗೊಬ್ಬರು ರಾತ್ರಿಗೊಬ್ಬರು ಕೇರ್‌ಗಿವರ್, ಹನ್ನೆರಡು ಗಂಟೆಗೆ 900 ಅಂದ್ರೆ ದಿನಕ್ಕೆ 1,800, ತಿಂಗಳಿಗೆ 54,000. ಜೊತೆಗೆ ದಿನಾ ಬೆಳಗ್ಗೆ ಒಬ್ಬರು ನರ್ಸ್ ವಿಸಿಟ್, ಇಪ್ಪತ್ತು ನಿಮಿಷ, 500 ರೂಪಾಯಿ, ಅಮ್ಮನ ಇಂಜೆಕ್ಷನ್, ಗಾಯ ನೋಡೋದು, ಕಾಲು ಊದಿದೆಯಾ ನೋಡೋದು, ಅಪ್ಪನ ಸಕ್ಕರೆ ಪುಸ್ತಕ ನೋಡೋದು. ಅದಕ್ಕೆ 15,000. ಒಟ್ಟು 69,000, ಅಂದ್ರೆ ಮಗ ಕೊಡ್ತಿದ್ದಿದ್ದಕ್ಕಿಂತ ಒಂಬತ್ತು ಸಾವಿರ ಜಾಸ್ತಿನೇ ಆಯ್ತು. ಆದ್ರೆ ಎರಡನೇ ತಿಂಗಳು ಇಂಜೆಕ್ಷನ್ ಮುಗಿದಿರತ್ತೆ, ಅಮ್ಮ ವಾಕರ್‌ನಲ್ಲಿ ಸ್ವಲ್ಪ ಧೈರ್ಯವಾಗಿ ನಡೀತಿರ್ತಾರೆ, ರಾತ್ರಿ ಏಳೋದು ಒಂದೋ ಎರಡೋ ಸಲಕ್ಕೆ ಇಳಿಸಿರ್ತೀವಿ. ಆವಾಗ ಒಬ್ಬರೇ ಮನೇಲಿರೋ ಕೇರ್‌ಗಿವರ್ ಸಾಕು, ದಿನಕ್ಕೆ 1,100 ಅಂದ್ರೆ 33,000, ವಾರಕ್ಕೊಂದು ನರ್ಸ್ ವಿಸಿಟ್ 2,000, ಒಟ್ಟು 35,000. ಎರಡು ತಿಂಗಳಿಗೆ ಒಂದು ಲಕ್ಷದ ನಾಲ್ಕು ಸಾವಿರ, ಆ ಕಡೆದು ಒಂದು ಲಕ್ಷದ ಇಪ್ಪತ್ತು ಸಾವಿರ. ಫಿಸಿಯೋಥೆರಪಿ ಎರಡಕ್ಕೂ ಬೇರೆ. ದುಡ್ಡಿನ ವ್ಯತ್ಯಾಸ ಅಷ್ಟು ದೊಡ್ಡದಲ್ಲ, ಯಾವ ವಾರ ಎಷ್ಟು ಜನ ಬೇಕು ಅನ್ನೋ ಲೆಕ್ಕ ಬೇರೆ ಅಷ್ಟೇ.

ರಾತ್ರಿ ಏಳೋದನ್ನ ಇಳಿಸೋದು ಹೇಗೆ ಅಂತ ಕೇಳ್ಬಹುದು. ಮೊದಲು ಮಾತ್ರೆ ಚೀಟಿ ತೆಗೆದು ನೋಡ್ಬೇಕು. ಬಿಪಿಗೋ ಕಾಲು ಊತಕ್ಕೋ ಮೂತ್ರ ಹೋಗೋ ಮಾತ್ರೆ ಇದ್ದು ಅದನ್ನ ಸಂಜೆ ಕೊಡ್ತಿದ್ರೆ ಬೆಳಗ್ಗೆಗೆ ಬದಲಾಯಿಸಬಹುದಾ ಅಂತ ಡಾಕ್ಟರ್‌ನ ಕೇಳ್ಬೇಕು, ನಾವೇ ಬದಲಾಯಿಸೋದಲ್ಲ. ಮೂತ್ರ ಟೆಸ್ಟ್ ಮಾಡ್ಸಿ ಇನ್‌ಫೆಕ್ಷನ್ ಇಲ್ಲ ಅಂತ ನೋಡ್ಕೋಬೇಕು. ನೀರು, ಕಾಫಿ, ಮಜ್ಜಿಗೆ ಎಲ್ಲ ಹಗಲಲ್ಲಿ ಜಾಸ್ತಿ, ರಾತ್ರಿ ಊಟದ ಮೇಲೆ ಕಮ್ಮಿ. ಮಂಚದ ಪಕ್ಕಕ್ಕೇ ಕಮೋಡ್ ಚೇರ್, ಮೊಣಕಾಲಿಗಿಂತ ಸೀಟು ಸ್ವಲ್ಪ ಎತ್ತರ ಇರ್ಬೇಕು. ಅಮ್ಮಂಗೆ ಮೊದಲು ಮನಸ್ಸೇ ಬರಲ್ಲ, "ಮಲಗೋ ರೂಮಲ್ಲಿ ಅದೆಂಥದು, ದೇವರ ಕೋಣೆ ಗೋಡೆ ಪಕ್ಕಕ್ಕೇ" ಅಂತಾರೆ. ಅದಕ್ಕೆ ಜಗಳ ಮಾಡೋ ಬದಲು ರಾತ್ರಿ ಇಟ್ಟು ಬೆಳಗ್ಗೆ ಎತ್ತಿ ತೊಳೆದು ಹೊರಗೆ ಬಿಸಿಲಿಗಿಡೋದು ಅಂತ ಮಾಡಿದ್ರೆ ಬಹಳ ಜನ ಒಪ್ಕೋತಾರೆ.

ಈಗ ಅಪ್ಪನ ಇನ್ಸುಲಿನ್. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ವಯಸ್ಸಾದವರ ಮನೆಗಳಲ್ಲಿ ಒಂದೇ ದಿನದಲ್ಲಿ ಪ್ರಾಣಕ್ಕೆ ಬರೋ ತಪ್ಪು ಅಂದ್ರೆ ಇದು. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್ ಇರೋದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್, ಕೆಲವು ಬಾಟಲಿಗಳು ಒಂದು ಎಂಎಲ್‌ಗೆ 100 ಯೂನಿಟ್, ಅಂಥ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜ್. ಅಪ್ಪಂಗೆ 20 ಯೂನಿಟ್ ಅಂತ ಬರೆದಿದಾರೆ ಅನ್ಕೊಳ್ಳಿ. ಮೆಡಿಕಲ್ ಶಾಪ್‌ನಿಂದ ಈ ಸಲ 100ರ ಬಾಟಲಿ ಬಂತು, ಮನೇಲಿದ್ದಿದ್ದು ಹಳೇ ಕೆಂಪು ಸಿರಿಂಜ್. ಕೆಂಪು ಸಿರಿಂಜ್‌ನಲ್ಲಿ 20ರ ಗೆರೆ ಅಂದ್ರೆ ಅರ್ಧ ಎಂಎಲ್, 100ರ ಇನ್ಸುಲಿನ್ ಅರ್ಧ ಎಂಎಲ್ ಅಂದ್ರೆ 50 ಯೂನಿಟ್. ಎರಡೂವರೆ ಪಟ್ಟು ಹೋಯ್ತು. ಅದೇ ಉಲ್ಟಾ ಆದ್ರೆ, 40ರ ಬಾಟಲಿಗೆ ಕಿತ್ತಳೆ ಸಿರಿಂಜ್, 20ರ ಗೆರೆಗೆ ಹೋಗೋದು ಬರೀ 8 ಯೂನಿಟ್, ಸಕ್ಕರೆ 300 ದಾಟ್ತಾ ಇರತ್ತೆ, ಡಾಕ್ಟರ್ ಡೋಸ್ ಏರಿಸ್ತಾನೇ ಹೋಗ್ತಾರೆ, ಒಂದು ದಿನ ಯಾರೋ ಸರಿಯಾದ ಸಿರಿಂಜ್ ತಂದು ಆ ಏರಿಸಿದ ಡೋಸ್ ಪೂರ್ತಿ ಕೊಟ್ಟುಬಿಟ್ರೆ ಅವತ್ತು ಅಪ್ಪ ಏಳಲ್ಲ. ಹಾಗಾಗಿ ಬಾಟಲಿ ಮೇಲಿನ ನಂಬರ್ ಮತ್ತೆ ಸಿರಿಂಜ್ ಮೇಲಿನ ನಂಬರ್ ಒಂದೇ ಇರ್ಬೇಕು, ಮುಚ್ಚಳದ ಬಣ್ಣ ನೋಡಿ ನಂಬ್ಕೊಂಡು ಕೂರೋದಲ್ಲ, ಓದ್ಬೇಕು. ಬಂದ ನರ್ಸ್‌ಗೆ ಇದೊಂದು ಪ್ರಶ್ನೆ ಕೇಳಿ ನೋಡಿ, ಓದಿರೋರಾದ್ರೆ ತಕ್ಷಣ ಹೇಳ್ತಾರೆ.

ಕೇರ್‌ಗಿವರ್ ಇಂಜೆಕ್ಷನ್ ಕೊಡಬಾರದು, ಅದು ಅವರ ತರಬೇತಿಲಿ ಇಲ್ಲ. ಆದ್ರೆ ಸಂಜೆ ಡೋಸ್‌ಗೆ ನರ್ಸ್ ಬರಲ್ವಲ್ಲ, ಏನ್ ಮಾಡೋದು? ಅಪ್ಪ ಇಪ್ಪತ್ತು ವರ್ಷದಿಂದ ತಾವೇ ಚುಚ್ಕೋತಿದಾರೆ, ಕೈ ಮರೆತಿಲ್ಲ, ಮರೆಯೋದು ಚುಚ್ಕೊಂಡೆನಾ ಇಲ್ವಾ ಅನ್ನೋದನ್ನ. ಅದಕ್ಕೆ ಅಪ್ಪನೇ ಚುಚ್ಕೊಳ್ಳಲಿ, ಕೇರ್‌ಗಿವರ್ ಪಕ್ಕದಲ್ಲಿ ನಿಂತು ನಂಬರ್ ಜೋರಾಗಿ ಓದಲಿ, ಆದ ತಕ್ಷಣ ಟೈಮ್ ಹಾಕಿ ಬರೆದು ಬಾಟಲಿ ಫ್ರಿಜ್‌ಗೆ ಸೇರಿಸ್ಲಿ. "ಅಮ್ಮಣ್ಣಿ, ಆಗ್ಲೇ ತಗೊಂಡ್ನಾ?" ಅಂತ ಅಪ್ಪ ಅರ್ಧ ಗಂಟೆ ಬಿಟ್ಟು ಕೇಳಿದ್ರೆ ಪುಸ್ತಕ ತೋರ್ಸಿದ್ರಾಯ್ತು. ಚುಚ್ಕೊಳ್ಳೋ ಮೊದಲು ಸಕ್ಕರೆ ಟೆಸ್ಟ್, ಊಟದ ತಟ್ಟೆ ಕಣ್ಣೆದುರಿಗೆ ಬಂದ್ಮೇಲೇ ಇನ್ಸುಲಿನ್. ಸಕ್ಕರೆ 70ಕ್ಕಿಂತ ಕಮ್ಮಿ ಬಂದ್ರೆ ಅಥವಾ ಅವತ್ತು ಊಟ ಬೇಡ ಅಂತ ಕೂತ್ರೆ ಇನ್ಸುಲಿನ್ ನಿಲ್ಸಿ ನರ್ಸ್‌ಗೆ ಫೋನ್. ಬೆವರು, ನಡುಕ, ಮಾತು ತೊದಲೋದು ಅಥವಾ ಕಾರಣ ಇಲ್ಲದೆ ಸಿಡುಕೋದು ಕಂಡ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ ಹದಿನೈದು ನಿಮಿಷಕ್ಕೆ ಮತ್ತೆ ಟೆಸ್ಟ್. ಪ್ರಜ್ಞೆ ಇಲ್ಲ ಅಂದ್ರೆ ಬಾಯಿಗೆ ಏನೂ ಹಾಕೋ ಹಾಗಿಲ್ಲ, ಉಸಿರಿನ ದಾರಿಗೆ ಹೋಗತ್ತೆ, ಸೀದಾ 108. ಇದಿಷ್ಟನ್ನ ಕನ್ನಡದಲ್ಲಿ, ಹುಡುಗಿ ಒಡಿಶಾ ಕಡೆಯವಳಾದ್ರೆ ಅವಳು ಓದೋ ಭಾಷೇಲಿ, ಫ್ರಿಜ್ ಬಾಗಿಲಿಗೆ ಅಂಟಿಸಬೇಕು.

ಇನ್ನು ದೂರದಲ್ಲಿರೋ ಮಕ್ಕಳಿಗೆ ಎಲ್ಲಾ ಸರಿಯಾಗಿ ನಡೀತಿದೆಯಾ ಅಂತ ಗೊತ್ತಾಗೋದು ಹೇಗೆ. ಎಲ್ಲಾರೂ ಮೊದಲು ಮಾಡೋದು ಕ್ಯಾಮೆರಾ ಹಾಕ್ಸೋದು. ಹಾಲ್‌ಗೆ ಹಾಕ್ಸಿ, ಹುಡುಗಿಗೆ ಹೇಳಿ ಹಾಕ್ಸಿ, ಅವಳು ಬಟ್ಟೆ ಬದಲಾಯಿಸೋ ಮಲಗೋ ಜಾಗಕ್ಕೆ ಹಾಕೋದು ಅಪರಾಧ, ಅಮ್ಮಂಗೆ ಸ್ನಾನ ಮಾಡ್ಸೋ ಕಡೆನೂ ಬೇಡ. ಆದ್ರೆ ನಿಜ ಹೇಳ್ಬೇಕು ಅಂದ್ರೆ ಕ್ಯಾಮೆರಾಗಿಂತ ಜಾಸ್ತಿ ವಿಷಯ ಹೇಳೋದು ಎರಡು ರೂಲ್‌ನ ಒಂದು ನೋಟ್‌ಬುಕ್. ದಿನಾ ಬಿಪಿ, ಸಕ್ಕರೆ, ಏನ್ ತಿಂದ್ರು, ಎಷ್ಟು ಲೋಟ ನೀರು, ಮೂತ್ರ ಎಷ್ಟು ಸಲ, ಮೋಷನ್ ಆಯ್ತಾ, ನಡೆದ್ರಾ, ನಿದ್ದೆ. ರಾತ್ರಿ ಒಂದು ಫೋಟೋ ವಾಟ್ಸಾಪ್‌ಗೆ.

ಆ ಪುಸ್ತಕ ಓದೋದಕ್ಕೂ ಒಂದು ರೀತಿ ಇದೆ. ಬಿಪಿ ಸೋಮವಾರ 120/80, ಮಂಗಳವಾರ 120/80, ಬುಧವಾರನೂ 120/80 ಅಂತಿದ್ರೆ ಯಾರೂ ಮಿಷಿನ್ ಮುಟ್ಟಿಲ್ಲ ಅಂತ ಅರ್ಥ, ಎಂಬತ್ತರ ಮನುಷ್ಯನ ಬಿಪಿ ಹಂಗೆ ನಿಲ್ಲಲ್ಲ. ಗ್ಲೂಕೋಮೀಟರ್‌ಗೂ ಡಿಜಿಟಲ್ ಬಿಪಿ ಮಿಷಿನ್‌ಗೂ ಸಾಮಾನ್ಯವಾಗಿ ಮೆಮೊರಿ ಇರತ್ತೆ, ವಾರಕ್ಕೊಂದು ಸಲ ನರ್ಸ್ ಅದನ್ನ ಪುಸ್ತಕದ ಜೊತೆ ತಾಳೆ ನೋಡಿದ್ರೆ ಐದು ನಿಮಿಷದಲ್ಲಿ ಗೊತ್ತಾಗತ್ತೆ. ನೀರಿನ ಕಾಲಂ ಕಮ್ಮಿ ಆಗ್ತಾ ಬರ್ತಿದ್ರೆ ಅದಕ್ಕೆ ಬಹಳ ಸಲ ಕಾರಣ ಏನಂದ್ರೆ ನೀರು ಕೊಟ್ರೆ ಟಾಯ್ಲೆಟ್‌ಗೆ ಕರ್ಕೊಂಡು ಹೋಗ್ಬೇಕು, ಅದಕ್ಕೆ ಕೊಡ್ತಿಲ್ಲ, ಎಷ್ಟೋ ಸಲ ಅಮ್ಮನೇ "ಪಾಪ ಅವಳಿಗೆ ತೊಂದರೆ" ಅಂತ ಕುಡಿಯಲ್ಲ. ಆಮೇಲೆ ಮೂತ್ರದ ಇನ್‌ಫೆಕ್ಷನ್, ವಯಸ್ಸಾದವರಿಗೆ ಅದು ಉರಿ ಜ್ವರ ಅಂತ ಬರ್ದೇ ಸೀದಾ ಗೊಂದಲವಾಗಿ ಬರಬಹುದು. ನಿನ್ನೆವರೆಗೆ ಸರಿಯಾಗಿದ್ದೋರು ಇವತ್ತು ತೀರ್ಕೊಂಡ ತಂಗೀನ ಕರೀತಿದಾರೆ, ಮಕ್ಕಳು ಫೋನಲ್ಲಿ ಮರೆವಿನ ಕಾಯಿಲೆ ಶುರುವಾಯ್ತು ಅನ್ಕೋತಾರೆ. ಮರೆವಿನ ಕಾಯಿಲೆ ತಿಂಗಳುಗಟ್ಟಲೆ ನಿಧಾನ ಬರೋದು, ಒಂದೆರಡು ದಿನದಲ್ಲಿ ಬಂದ ಗೊಂದಲಕ್ಕೆ ಅವತ್ತೇ ಡಾಕ್ಟರ್ ಹತ್ರ ಹೋಗ್ಬೇಕು.

ಅಪ್ಪ ಅಮ್ಮ ಹಗಲೂ ತೂಗಡಿಸ್ತಿದಾರೆ ಅಂದ್ರೆ ನಿದ್ದೆ ಮಾತ್ರೆ ಎಣಿಸಿ. ಚೀಟಿ ಪ್ರಕಾರ ಹತ್ತು ದಿನಕ್ಕೆ ಹತ್ತು ಹೋಗ್ಬೇಕಿದ್ದಿದ್ದು ಹದಿನಾಲ್ಕು ಹೋಗಿದ್ರೆ ರಾತ್ರಿ ಯಾರೋ ನಿದ್ದೆ ಮಾಡ್ಬೇಕು ಅಂತ ಕೊಟ್ಟಿದಾರೆ, ಕೆಟ್ಟ ಮನಸ್ಸಿಂದಲೇ ಅಂತಲ್ಲ, ಎರಡು ವಾರ ನಿದ್ದೆ ಕೆಟ್ಟೋರು ಮಾಡೋ ಕೆಲಸ ಅದು. ಅದಕ್ಕೇ ನಿದ್ದೆ ಮಾತ್ರೆ ನರ್ಸ್ ತುಂಬಿಟ್ಟ ವಾರದ ಪಿಲ್ ಬಾಕ್ಸ್‌ನಲ್ಲಿ ಮಾತ್ರ ಇರ್ಬೇಕು, ಉಳಿದ ಸ್ಟ್ರಿಪ್ ಬೀರುವಲ್ಲಿ. ಮಲಗಿದಲ್ಲೇ ಇರೋರಾದ್ರೆ ಎರಡು ಗಂಟೆಗೊಂದು ಸಲ ಮಗ್ಗಲು ಬದಲಾಯಿಸ್ಬೇಕು ಅಂತ ಎಲ್ಲರಿಗೂ ಗೊತ್ತು, ಮಾಡ್ತಿದಾರಾ ಅಂತ ಹೇಗೆ ತಿಳಿಯೋದು ಅಂದ್ರೆ ಸ್ನಾನದ ಹೊತ್ತಲ್ಲಿ ಬೆನ್ನ ಕೆಳಗಿನ ತುದಿ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ ನೋಡೋದು. ಕೆಂಪಗಿರೋ ಕಡೆ ಬೆರಳಲ್ಲಿ ಒತ್ತಿ ಬಿಟ್ರೆ ಬಿಳಿಚ್ಕೊಂಡು ಮತ್ತೆ ಕೆಂಪಾದ್ರೆ ಇನ್ನೂ ಪರವಾಗಿಲ್ಲ, ಒತ್ತಿದ್ರೂ ಬಣ್ಣ ಬದಲಾಗ್ಲಿಲ್ಲ ಅಂದ್ರೆ ಹುಣ್ಣು ಶುರುವಾಗಿದೆ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು, ಆ ಜಾಗ ಬಿಸಿಯಾಗಿ ಗಟ್ಟಿಯಾಗಿ ಇರತ್ತೆ, ಕೈಗೆ ಗೊತ್ತಾಗತ್ತೆ. ಕೆಂಪಾದ ಜಾಗನ ಎಣ್ಣೆ ಹಾಕಿ ಉಜ್ಜಬಾರದು, ಇದನ್ನ ಎಷ್ಟು ಸಲ ಹೇಳಿದ್ರೂ ಉಜ್ಜೋರು ಉಜ್ಜುತ್ತಾರೆ.

ಇಷ್ಟೆಲ್ಲಾ ಕೇರ್‌ಗಿವರ್ ಮೇಲೆ ಹೇಳಿದ್ಮೇಲೆ ಆಕೆ ಕಡೆದೂ ಹೇಳ್ಬೇಕು, ಯಾಕಂದ್ರೆ ಸೇವೆ ಕೆಡೋದು ಅಲ್ಲಿಂದ. ಮಂಗಳೂರು ಉಡುಪಿ ಕಡೆ ಮನೆಗಳಲ್ಲಿ ಉತ್ತರ ಕರ್ನಾಟಕದಿಂದ ಬಂದ ಹೆಣ್ಣುಮಕ್ಕಳು ಬಹಳ, ಬೆಂಗಳೂರಲ್ಲಿ ಒಡಿಶಾ ಜಾರ್ಖಂಡ್ ಈಶಾನ್ಯದ ಕಡೆಯವರು ಬಹಳ. ನೀವು ಕೊಡೋ 33,000ದಲ್ಲಿ ಆಕೆ ಕೈಗೆ ಎಷ್ಟು ಹೋಗತ್ತೆ ಅಂತ ಏಜೆನ್ಸಿನ ಸೀದಾ ಕೇಳಿ, ಆಕೆನ್ನೂ ಕೇಳಿ, ಎರಡು ಉತ್ತರ ಬೇರೆ ಬಂದ್ರೆ ಆ ಏಜೆನ್ಸಿ ಹೆಂಗೆ ಅಂತ ಗೊತ್ತಾಯ್ತು. ಅರ್ಧಕ್ಕಿಂತ ಕಮ್ಮಿ ಸಿಗ್ತಿದ್ರೆ ಆಕೆ ಐನೂರು ಜಾಸ್ತಿ ಕೊಡೋ ಮನೆ ಸಿಕ್ಕ ದಿನ ಹೋಗ್ತಾಳೆ, ಹೋಗ್ಬಾರ್ದು ಅನ್ನೋಕೆ ನಮಗೆ ಯಾವ ಬಾಯಿ? ಮಲಗೋಕೆ ಒಂದು ಮಂಚ, ವಾರಕ್ಕೊಂದು ರಜೆ, ಹೊಟ್ಟೆ ತುಂಬ ಊಟ. ಊಟದ ವಿಷಯ ಸಣ್ಣದು ಅನ್ಸತ್ತೆ, ಆದ್ರೆ ಸಕ್ಕರೆ ಕಾಯಿಲೆ ಇರೋ ಮನೇಲಿ ಇಬ್ಬರು ವಯಸ್ಸಾದವರಿಗೆ ಮಾಡೋ ಎರಡು ಚಪಾತಿ, ತಿಳಿ ಸಾರು ತಿಂದು ಇಪ್ಪತ್ತೈದು ವರ್ಷದ ಹುಡುಗಿ ಎಪ್ಪತ್ತು ಕೆಜಿ ಅಮ್ಮನ್ನ ಎತ್ತಕ್ಕಾಗಲ್ಲ. ಆಮೇಲೆ ಪಾತ್ರೆ, ಬಟ್ಟೆ, ಕಸ, ಬಂದ ನೆಂಟರಿಗೆಲ್ಲ ಕಾಫಿ, ಇದೆಲ್ಲ ಒಂದೊಂದಾಗಿ ಅವಳ ತಲೆಗೇ ಬಂದು ಬೀಳತ್ತೆ. ಅಮ್ಮನ ಬಟ್ಟೆ, ಅಮ್ಮನ ತಟ್ಟೆ, ಅಮ್ಮನ ರೂಮು ಅಷ್ಟೇ ಆಕೆದು ಅಂತ ಮೊದಲ ದಿನವೇ ಅಪ್ಪನ ಎದುರಿಗೆ ಮಾತಾಗ್ಬೇಕು.

ಕಾನೂನು ಕಡೆ ನೋಡಿದ್ರೆ ನರ್ಸ್‌ಗೆ ಕೌನ್ಸಿಲ್ ಇದೆ, ತಪ್ಪಾದ್ರೆ ದೂರು ಕೊಡೋಕೆ ಒಂದು ಜಾಗ ಇದೆ. ಆಸ್ಪತ್ರೆ ನರ್ಸಿಂಗ್ ಹೋಮ್‌ಗಳಿಗೆ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಕೇರ್‌ಗಿವರ್‌ಗೆ ಆ ಥರ ಹೆಸರು ನೋಡಿ ತಿಳ್ಕೊಳ್ಳೋ ಕೌನ್ಸಿಲ್ ಪಟ್ಟಿ ಇಲ್ಲ, ಹಾಗಾಗಿ ಏಜೆನ್ಸಿ ಜೊತೆ ಮಾಡ್ಕೊಳ್ಳೋ ಒಂದು ಪುಟದ ಅಗ್ರಿಮೆಂಟೇ ನಿಮ್ಮ ಕಾನೂನು. ಅದ್ರಲ್ಲಿ ನಾನು ಮುಖ್ಯವಾಗಿ ನೋಡೋದು ಮೂರು. ಬದಲಿ ವ್ಯಕ್ತಿ ಬಂದ್ರೆ ಹಳಬರು ಹೊಸಬರು ಇಬ್ಬರೂ ಅರ್ಧ ದಿನ ಜೊತೆಗಿದ್ದು ಹ್ಯಾಂಡೋವರ್ ಮಾಡ್ಬೇಕು, ಆ ಅರ್ಧ ದಿನದ ದುಡ್ಡು ಯಾರು ಕೊಡ್ತಾರೆ ಅಂತ ಬರೆದಿರ್ಬೇಕು. ಏಜೆನ್ಸಿಯ ನರ್ಸ್ ಸೂಪರ್‌ವೈಸರ್ ಎಷ್ಟು ದಿನಕ್ಕೊಂದು ಸಲ ಮನೆಗೆ ಬರ್ತಾರೆ ಅಂತ ಇರ್ಬೇಕು, ಬರೀ ಫೋನಲ್ಲಿ ವಿಚಾರಿಸೋದು ಲೆಕ್ಕಕ್ಕಿಲ್ಲ. ಆಮೇಲೆ ಪೊಲೀಸ್ ವೆರಿಫಿಕೇಷನ್ ಆಗಿದ್ರೆ ಅದರ ಕಾಪಿ, ಆಧಾರ್ ಜೆರಾಕ್ಸ್ ಒಂದೇ ಆದ್ರೆ ಅದು ವೆರಿಫಿಕೇಷನ್ ಅಲ್ಲ.

ಇನ್ಶೂರೆನ್ಸ್ ನಂಬ್ಕೋಬೇಡಿ. ಪಾಲಿಸಿಗಳಲ್ಲಿ ಮನೇಲೇ ಚಿಕಿತ್ಸೆ ಅಂತ ಒಂದು ಕಾಲಂ ಇರತ್ತೆ, ಅದು ಆಸ್ಪತ್ರೆಗೆ ಸೇರ್ಬೇಕಾದಷ್ಟು ಕಾಯಿಲೆ ಇದ್ದು ಸಾಗಿಸಕ್ಕಾಗ್ದೇನೋ ಬೆಡ್ ಸಿಗದೇನೋ ಮನೇಲಿ ಚಿಕಿತ್ಸೆ ಕೊಟ್ಟಾಗ. ಎಪ್ಪತ್ತು ದಾಟಿದವರಿಗೆ ಕೇಂದ್ರ 2024ರಲ್ಲಿ ವಿಸ್ತರಿಸಿದ ಆಯುಷ್ಮಾನ್ ಐದು ಲಕ್ಷವೂ ಆಸ್ಪತ್ರೆ ದಾಖಲಾತಿಗೆ. ಸ್ನಾನ ಮಾಡ್ಸೋ, ನಡೆಸೋ ತಿಂಗಳ ಸಂಬಳ ಜೇಬಿಂದಲೇ. ಮುಂದುವರಿದ ಕ್ಯಾನ್ಸರ್ ಆಗಿದ್ರೆ ಮಾತ್ರ ಬೆಂಗಳೂರಲ್ಲಿ ಕರುಣಾಶ್ರಯದಂಥ ಸಂಸ್ಥೆಯವರು ಉಚಿತವಾಗಿ ಮನೆಗೇ ಬಂದು ನೋವು ನೋಡ್ಕೋತಾರೆ, ಅದನ್ನ ಬಹಳ ಜನ ಕೊನೇ ವಾರದವರೆಗೂ ಕೇಳೋದೇ ಇಲ್ಲ. ಮನೇಲಿ ಯಾರಾದ್ರೂ ಹೊಡೆದ್ರೋ ಬೈದ್ರೋ ಅನ್ನೋ ಅನುಮಾನ ಇದ್ರೆ ಹಿರಿಯರ ಸಹಾಯವಾಣಿ 14567 ಇದೆ, ಬೆಂಗಳೂರಲ್ಲಿ ಪೊಲೀಸರು ಮತ್ತೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲಿ ಶುರು ಮಾಡಿದ 1090 ಇದೆ. ತುರ್ತಾಗಿದ್ರೆ 112.

ಒಂದು ವಿಷಯ ಮಕ್ಕಳಿಗೆ ಹೇಳೋದು ಕಷ್ಟ. ಮೂರು ಜನ ಮಕ್ಕಳು ಮೂರು ದೇಶದಿಂದ ದಿನಕ್ಕೊಂದು ಸಲ ಕೇರ್‌ಗಿವರ್‌ಗೆ ಫೋನ್ ಮಾಡಿ ಮೂರು ಥರ ಹೇಳಿದ್ರೆ ಆಕೆ ಯಾರ ಮಾತೂ ಕೇಳಲ್ಲ. ಒಬ್ಬರು ಮಾತಾಡ್ಬೇಕು, ಆ ಒಬ್ಬರು ಭಾರತದ ಟೈಮಲ್ಲಿ ರಾತ್ರಿ ಎರಡಕ್ಕೆ ಫೋನ್ ಎತ್ತೋರಾಗಿರ್ಬೇಕು. ಊರಲ್ಲೇ ಇರೋ ಒಬ್ಬರ ಹತ್ರ ಮನೆ ಕೀ, ಡಿಸ್ಚಾರ್ಜ್ ಸಮ್ಮರಿ ಜೆರಾಕ್ಸ್, ಯಾವ ಆಸ್ಪತ್ರೆಗೆ ಅನ್ನೋದು ಇರ್ಬೇಕು. ಅಪ್ಪನ ಎಟಿಎಂ ಪಿನ್ನು ಓಟಿಪಿ ಕೇರ್‌ಗಿವರ್ ಹತ್ರ ಹೋಗ್ಬಾರ್ದು, ತರಕಾರಿ ಔಷಧಿಗೆ ಅಂತ ಬೇರೆ ಸಣ್ಣ ಮೊತ್ತ ಇಟ್ಟು ಚೀಟಿ ಬರೆಸಿದ್ರೆ ಅವಳಿಗೂ ಒಳ್ಳೇದು, ನಾಳೆ ಯಾವ್ದೋ ಉಂಗುರ ಕಾಣಲ್ಲ ಅಂತ ಅವಳ ಮೇಲೆ ಬರಲ್ಲ.

ಎಲ್ಲಾ ಸರಿ ಮಾಡಿದ್ರೂ ಮನೇಲಿ ಇಟ್ಕೊಳ್ಳಕ್ಕಾಗಲ್ಲ ಅನ್ನೋ ಘಟ್ಟ ಬರಬಹುದು, ಅದನ್ನ ಮುಂಚೆನೇ ಮಾತಾಡ್ಕೊಂಡಿರೋದು ವಾಸಿ. ಅಮ್ಮನ್ನ ಎಬ್ಬಿಸೋಕೆ ಪ್ರತಿ ಸಲ ಇಬ್ಬರು ಬೇಕಾದ್ರೆ, ಅಪ್ಪ ರಾತ್ರಿ ಬಾಗಿಲು ತೆಗೆದು ರಸ್ತೆಗೆ ಹೋಗೋಕೆ ಶುರು ಮಾಡಿದ್ರೆ, ನುಂಗೋಕಾಗದೆ ಮೂಗಿಂದ ಟ್ಯೂಬ್ ಹಾಕಿ ಅದನ್ನ ಅವರು ದಿನಾ ಕಿತ್ತಾಕ್ತಿದ್ರೆ, ಆವಾಗ ಒಬ್ಬ ಕೇರ್‌ಗಿವರ್ ಸಾಕಾಗಲ್ಲ. ಮೂರು ಪಾಳಿ ಜನ ಇಟ್ಟು ನಡೆಸೋ ಶಕ್ತಿ ಇದ್ರೆ ಮನೆ, ಇಲ್ಲಾಂದ್ರೆ ನರ್ಸ್‌ಗಳು ಇರೋ ಆರೈಕೆ ಕೇಂದ್ರ. ಆ ಕೇಂದ್ರನ ಅವಸರದಲ್ಲಿ ಹುಡುಕೋದಕ್ಕಿಂತ ಈಗ್ಲೇ ಒಂದು ಭಾನುವಾರ ಹೋಗಿ ನೋಡ್ಕೊಂಡು ಬನ್ನಿ, ರಾತ್ರಿ ಪಾಳಿಲಿ ಎಷ್ಟು ಜನ ಪೇಷಂಟ್‌ಗೆ ಎಷ್ಟು ಜನ ಇರ್ತಾರೆ ಅಂತ ಮೊದಲು ಕೇಳಿ, ಆಮೇಲೆ ಉಳಿದಿದ್ದು.